ಅರ್ಜಿಯಲ್ಲಿ ‘ತಮ್ಮ’ ಎಂದರೆ ಯಾರು? ಪೌತಿ ಖಾತೆಗೆ ಬರೆದ ಪತ್ರದ ಅನುಭವ

ಅಪ್ಪ ತೀರಿಕೊಂಡ ಮೇಲೆ ಭಾಗಮಂಡಲದ ಕಡೆ ಇರುವ ನಮ್ಮ ಜಮೀನಿನ ಖಾತೆಯನ್ನು ನನ್ನ ಹೆಸರಿಗೆ ಮಾಡಿಸಬೇಕಿತ್ತು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಪಹಣಿ ಎಲ್ಲವೂ ಕೈಯಲ್ಲಿದ್ದವು. ನಿಗದಿತ ನಮೂನೆಯ ಜೊತೆಗೆ ವಿವರಗಳನ್ನು ಬರೆದು ತಹಶೀಲ್ದಾರರಿಗೆ ಒಂದು ಪತ್ರವನ್ನೂ ಕೊಡುವಂತೆ ಹೇಳಿದ್ದರು. ನನಗೆ ಕಷ್ಟವಾದದ್ದು ಆ ಒಂದು ಪುಟ.

ನಮ್ಮ ಮನೆಯಲ್ಲಿ ಆಡುವುದು ಅರೆಭಾಷೆ. ಓದು ಬರಹ ಕನ್ನಡದಲ್ಲೇ ಆದರೂ ‘ತಾವು’ ಎಂಬ ಮಾತು ಅಡುಗೆಮನೆಯಲ್ಲಾಗಲಿ ಕಣದಲ್ಲಾಗಲಿ ಬಾಯಿಗೆ ಬಂದದ್ದಿಲ್ಲ. ಸರ್ಕಾರಿ ಕಚೇರಿಗೆ ಬರೆಯುವಾಗ ‘ನೀವು, ನಿಮ್ಮ’ ಎನ್ನದೆ ‘ತಾವು, ತಮ್ಮ’ ಎನ್ನಬೇಕೆಂದು ಶಾಲೆಯಲ್ಲಿ ಕಲಿಸಿದ್ದು ಮಾತ್ರ ಚೆನ್ನಾಗಿ ನೆನಪಿತ್ತು. ಹಾಗಾಗಿ ಗೌರವ ಕಡಿಮೆಯಾಗಬಾರದೆಂದು ಸಾಲುಸಾಲಿಗೂ ‘ತಮ್ಮ’ ಸೇರಿಸಿದೆ. ಬೆರಳಚ್ಚು ಮಾಡಿಸಿಕೊಂಡು ಹೋಗಿ ಕೊಟ್ಟಾಗ, ವಿಷಯ ನಿರ್ವಾಹಕರು ಓದಿ ಒಂದು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಆ ಸಾಲು ಹೀಗಿತ್ತು:

“ಈ ಬದಲಾವಣೆಗೆ ತಮ್ಮ ಒಪ್ಪಿಗೆ ನೀಡಿದ್ದು, ಸಹೋದರಿಯರು ಸಹ ಸಹಿ ಮಾಡಿರುತ್ತಾರೆ.”

“ಒಪ್ಪಿಗೆ ಕೊಟ್ಟವರು ಯಾರು? ತಹಶೀಲ್ದಾರರೇ? ನಿಮಗೆ ಸಹೋದರಿಯರು ಎಷ್ಟು ಮಂದಿ? ವಂಶವೃಕ್ಷದಲ್ಲಿ ಒಬ್ಬರೇ ಇದ್ದಾರಲ್ಲ?” ಎಂದು ಕೇಳಿದರು. ಅವರ ಧ್ವನಿಯಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು.

ನಾನು ಹೇಳಹೊರಟದ್ದು ನನ್ನ ತಮ್ಮ, ಅಂದರೆ ಅಪ್ಪನ ಕಿರಿಯ ಮಗ, ಒಪ್ಪಿದ್ದಾನೆ ಎಂದು. ಆದರೆ ಗೌರವದ ‘ತಾವು’ ಎಂಬುದಕ್ಕೆ ಷಷ್ಠಿ ವಿಭಕ್ತಿ ಸೇರಿದರೂ ‘ತಮ್ಮ’, ಒಡಹುಟ್ಟಿದವನೂ ‘ತಮ್ಮ’. ಇಷ್ಟೇ ಅಲ್ಲ, ಮೂರನೆಯ ಅರ್ಥವೂ ಒಂದಿದೆ. “ಗ್ರಾಮ ಆಡಳಿತ ಅಧಿಕಾರಿಯವರು ತಮ್ಮ ಕಚೇರಿಗೆ ವರದಿ ಸಲ್ಲಿಸಿದ್ದಾರೆ” ಎಂದು ಬರೆದರೆ, ಆ ಅಧಿಕಾರಿ ತಾನು ಕೆಲಸ ಮಾಡುವ ಕಚೇರಿಗೆ ಎಂದೂ ಆಗುತ್ತದೆ, ಪತ್ರ ಓದುತ್ತಿರುವವರ ಕಚೇರಿಗೆ ಎಂದೂ ಆಗುತ್ತದೆ. ‘ನಿಮ್ಮ’ ಎಂದಿದ್ದರೆ ಈ ಗೊಂದಲ ಹುಟ್ಟುತ್ತಲೇ ಇರಲಿಲ್ಲ. ಗೌರವದ ರೂಪವನ್ನು ಆರಿಸಿಕೊಂಡಾಗ ಸ್ಪಷ್ಟತೆಯಲ್ಲಿ ಒಂದಿಷ್ಟನ್ನು ಬಿಟ್ಟುಕೊಡುತ್ತೇವೆ, ಅದನ್ನು ಬೇರೆ ಕಡೆಯಿಂದ ತುಂಬಿಕೊಳ್ಳಬೇಕು ಎನ್ನುವುದು ನನಗೆ ಅಂದು ಹೊಳೆಯಿತು.

ಇನ್ನೊಂದು ಸಂಗತಿಯೂ ಇದೆ. ಅರ್ಜಿ ಒಂದೇ ಮೇಜಿನ ಮೇಲೆ ಕೂರುವುದಿಲ್ಲ. ತಹಶೀಲ್ದಾರರಿಗೆಂದು ಬರೆದದ್ದು ಕಂದಾಯ ನಿರೀಕ್ಷಕರಿಗೂ ಅಲ್ಲಿಂದ ಗ್ರಾಮ ಆಡಳಿತ ಅಧಿಕಾರಿಗೂ ವರದಿಗಾಗಿ ಇಳಿಯುತ್ತದೆ. ಕಡತ ಯಾರ ಕೈಯಲ್ಲಿದೆಯೋ ಅವರ ಕಣ್ಣಿಗೆ ‘ತಮ್ಮ ಕಚೇರಿ’ ಎಂದರೆ ಬೇರೆ ಬೇರೆ ಕಚೇರಿ. ಆದ್ದರಿಂದ ಎರಡನೇ ಪತ್ರದಲ್ಲಿ ನಾನು ಒಂದು ನಿಯಮ ಹಾಕಿಕೊಂಡೆ: ಸಂಗತಿ ಹೇಳುವ ಸಾಲಿನಲ್ಲಿ ಹುದ್ದೆ ಅಥವಾ ಕಚೇರಿಯ ಹೆಸರು, ಕೇಳಿಕೊಳ್ಳುವ ಸಾಲಿನಲ್ಲಿ ಮಾತ್ರ ‘ತಾವು, ತಮ್ಮ’. “ತಮ್ಮ ಕಚೇರಿಗೆ” ಎಂದಿದ್ದದ್ದು “ತಹಶೀಲ್ದಾರರ ಕಚೇರಿಗೆ” ಎಂದಾಯಿತು.

ಸಹೋದರಿಯ ವಿಷಯ ಇನ್ನೂ ಸೂಕ್ಷ್ಮ. ನಾನು ಕೈಯಲ್ಲಿ ಬರೆದದ್ದು ‘ಸಹೋದರಿಯವರು’ ಎಂದು. ಬೆರಳಚ್ಚಿನಲ್ಲಿ ‘ವ’ ಬಿಟ್ಟುಹೋಗಿ ‘ಸಹೋದರಿಯರು’ ಆಗಿತ್ತು. ಮೊದಲನೆಯದು ಒಬ್ಬಳೇ ಅಕ್ಕನಿಗೆ ಕೊಟ್ಟ ಗೌರವ, ಎರಡನೆಯದು ಹಲವು ಮಂದಿ. ಮುಂದೆ ಬರುವ ಕ್ರಿಯಾಪದ ಎರಡಕ್ಕೂ ಒಂದೇ, ‘ಮಾಡಿರುತ್ತಾರೆ’. ಕನ್ನಡದಲ್ಲಿ ಗೌರವಕ್ಕೂ ಬಹುತ್ವಕ್ಕೂ ಒಂದೇ ಪ್ರತ್ಯಯ ದುಡಿಯುವುದರಿಂದ ವಾಕ್ಯದ ಉಳಿದ ಭಾಗ ನಮ್ಮ ನೆರವಿಗೆ ಬರುವುದಿಲ್ಲ. ವಾರಸುದಾರರ ಎಣಿಕೆ ನಡೆಯುವ ಕಾಗದದಲ್ಲಿ ಇದು ಸಣ್ಣ ತಪ್ಪಲ್ಲ. ಹೆಸರು ಬಿಟ್ಟುಹೋದ ಇನ್ನೊಬ್ಬ ಮಗಳಿದ್ದಾಳೆಯೇ ಎಂಬ ಅನುಮಾನ ಬಂದರೆ ಕಡತ ಅಲ್ಲೇ ನಿಲ್ಲುತ್ತದೆ. ನಾನು “ಮೃತರಿಗೆ ಮೂವರು ಮಕ್ಕಳು” ಎಂದು ಮೊದಲು ಸಂಖ್ಯೆ ಹೇಳಿ, ಆಮೇಲೆ ಒಬ್ಬೊಬ್ಬರನ್ನೂ ಸಂಬಂಧ ಮತ್ತು ಹೆಸರಿನೊಂದಿಗೆ ಬರೆದೆ: “ಹಿರಿಯ ಸಹೋದರಿ ಶ್ರೀಮತಿ” ಎಂದು ಅಕ್ಕನ ಹೆಸರು, “ಕಿರಿಯ ಸಹೋದರ ಶ್ರೀ” ಎಂದು ತಮ್ಮನ ಹೆಸರು. ಹೆಸರಿನ ಹಿಂದೆ ಶ್ರೀ, ಶ್ರೀಮತಿ ಇದ್ದರೆ ‘ಅವರು’ ಸೇರಿಸುವ ಒತ್ತಡ ಇರುವುದಿಲ್ಲ, ಮರ್ಯಾದೆಯೂ ಉಳಿಯುತ್ತದೆ. ಅಪ್ಪನಿಗೆ ಮಾತ್ರ ‘ತಂದೆಯವರು’ ಎಂದೇ ಬರೆದೆ. ತಂದೆ ಒಬ್ಬರೇ ಆದ್ದರಿಂದ ಅಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಕ್ರಿಯಾಪದದ ಬಗ್ಗೆ ನನ್ನದೊಂದು ಹಟವಿದೆ. ಕಚೇರಿ ಕನ್ನಡದಲ್ಲಿ ‘ಸಲ್ಲಿಸಿರುತ್ತೇನೆ’, ‘ನಿಧನರಾಗಿರುತ್ತಾರೆ’ ಎಂಬ ರೂಪ ರೂಢಿಯಾಗಿದೆ. ಮೊದಲ ಪತ್ರದಲ್ಲಿ ನಾನೂ ಹಾಗೆಯೇ ಬರೆದಿದ್ದೆ, ಅದೇ ಶಿಷ್ಟ ರೂಪ ಎಂದುಕೊಂಡು. ಆದರೆ ಸಹಜ ಕನ್ನಡದಲ್ಲಿ “ಅವರು ಹೊರಟಿರುತ್ತಾರೆ” ಎಂದರೆ ಹೊರಟಿರಬಹುದು ಎಂಬ ಊಹೆ. ಅಪ್ಪನ ಸಾವನ್ನು ಊಹೆಯ ರೂಪದಲ್ಲಿ ಬರೆಯಲು ಎರಡನೇ ಸಲ ಮನಸ್ಸು ಬರಲಿಲ್ಲ. ದಿನಾಂಕ ಹಾಕಿ “ನಿಧನರಾದರು” ಎಂದು ಬರೆದೆ, ದಾಖಲೆಗಳ ಬಗ್ಗೆ “ಲಗತ್ತಿಸಿದ್ದೇನೆ” ಎಂದೆ. ಯಾರೂ ಆಕ್ಷೇಪಿಸಲಿಲ್ಲ.

‘ತಾವು’ ಎಂದು ಶುರು ಮಾಡಿದ ವಾಕ್ಯ ಎಡವುವುದೂ ಕ್ರಿಯಾಪದದಲ್ಲೇ. “ತಾವು ಈಗಾಗಲೇ ಪರಿಶೀಲಿಸಿದ್ದಾರೆ” ಎಂದು ಬರೆದವರನ್ನು ಕಂಡಿದ್ದೇನೆ. ಎದುರಿಗಿರುವವರನ್ನು ಉದ್ದೇಶಿಸಿದ ‘ತಾವು’ ಎಂಬುದಕ್ಕೆ ‘ನೀವು’ ಎಂಬುದರಂತೆಯೇ ‘ಪರಿಶೀಲಿಸಿದ್ದೀರಿ’ ಎಂಬ ರೂಪ ಬರಬೇಕು. ಅನುಮಾನ ಬಂದರೆ ‘ತಾವು’ ತೆಗೆದು ‘ನೀವು’ ಇಟ್ಟು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ತಪ್ಪಿದ್ದರೆ ಕಿವಿಗೆ ತಕ್ಷಣ ಸಿಗುತ್ತದೆ.

ಕೇಳಿಕೆಯ ಸಾಲಿಗೆ ಬಹಳ ಹೊತ್ತು ಯೋಚಿಸಿದೆ. “ಖಾತೆ ಬದಲಾಯಿಸಬೇಕು” ಎಂದರೆ ಆಜ್ಞೆಯಂತಿರುತ್ತದೆ. “ಬೇಡಿಕೊಳ್ಳುತ್ತೇನೆ”, “ಪ್ರಾರ್ಥಿಸುತ್ತೇನೆ” ಎಂದರೆ ದಾನ ಕೇಳಿದ ಹಾಗೆ. ತಂದೆಯ ಜಮೀನಿನ ಖಾತೆ ಮಕ್ಕಳಿಗೆ ಬರುವುದು ಯಾರ ಕೃಪೆಯೂ ಅಲ್ಲ. ಕೊನೆಗೆ “ಬದಲಾಯಿಸಿಕೊಡಬೇಕೆಂದು ತಮ್ಮಲ್ಲಿ ಕೋರುತ್ತೇನೆ” ಎಂದು ನಿಲ್ಲಿಸಿದೆ. ‘ಕೊಡು’ ಸೇರಿದ್ದರಿಂದ ಒರಟುತನ ಹೋಯಿತು, ‘ಕೋರು’ ಇರುವುದರಿಂದ ತಲೆಯೂ ತಗ್ಗಲಿಲ್ಲ.

ಮೇಲ್ಭಾಗ ಸುಲಭ. ಅಧಿಕಾರಿಗಳಿಗೆ ವರ್ಗಾವಣೆ ಇದ್ದೇ ಇರುವುದರಿಂದ ಹೆಸರು ಬೇಡ, ಹುದ್ದೆ ಸಾಕು: “ಮಾನ್ಯ ತಹಶೀಲ್ದಾರರಿಗೆ”. ‘ರು’ ಎಂಬಲ್ಲೇ ಗೌರವ ಬಂದಿರುವಾಗ ‘ತಹಶೀಲ್ದಾರರವರಿಗೆ’ ಎಂದು ಎರಡು ಸಲ ಹೊದಿಸಬೇಕಿಲ್ಲ. ‘ಸನ್ಮಾನ್ಯ’ ಮಂತ್ರಿಗಳಿಗೆ, ‘ಘನ’ ನ್ಯಾಯಾಲಯಕ್ಕೆ ಎಂದು ಬಿಟ್ಟೆ. ಸಂಬೋಧನೆಗೆ ‘ಮಾನ್ಯರೇ’ ಎಂದೆ. ಕುರ್ಚಿಯಲ್ಲಿ ಇರುವವರು ಹೆಂಗಸಾಗಲಿ ಗಂಡಸಾಗಲಿ ಅದು ಹೊಂದುತ್ತದೆ, ‘ಸ್ವಾಮಿ’ ಹೊಂದುವುದಿಲ್ಲ.

ಸಹಿಯ ಮೇಲೆ ಮೊದಲು ‘ತಮ್ಮ ವಿಧೇಯ’ ಎಂದಿತ್ತು. ವಿಧೇಯ ಎಂದರೆ ಹೇಳಿದಂತೆ ಕೇಳುವವನು. ಶಾಲೆಯ ಹುಡುಗ ಮುಖ್ಯೋಪಾಧ್ಯಾಯರಿಗೆ, ನೌಕರ ಮೇಲಧಿಕಾರಿಗೆ ಬರೆಯುವ ಮಾತು ಅದು. ನಾನು ಕಂದಾಯ ಕಟ್ಟುವ ರೈತ. ‘ತಮ್ಮ ವಿಶ್ವಾಸಿ’ ಎಂದು ಬದಲಿಸಿದೆ.

ಮೊದಲ ಪತ್ರದಲ್ಲಿ ‘ತಮ್ಮ’ ಹನ್ನೊಂದು ಕಡೆ ಇತ್ತು. ಎರಡನೆಯದರಲ್ಲಿ ಉಳಿದದ್ದು ಎರಡೇ ಕಡೆ, ಕೋರಿಕೆಯಲ್ಲೊಂದು, ಸಹಿಯ ಮೇಲೊಂದು. ಅದೇ ವಿಷಯ ನಿರ್ವಾಹಕರು ಓದಿ, ಏನನ್ನೂ ಕೇಳದೆ, ಮೊಹರು ಒತ್ತಿ ಸ್ವೀಕೃತಿ ಕೊಟ್ಟರು.