ಸೇತುವೆಯ ಈಚೆಗಿನ ಮನೆ

ಮಂಗಳೂರಿನ ಲಾಲ್‌ಬಾಗ್‌ನಲ್ಲಿ ನನಗೆ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಸಂಬಳ 18,000 ರೂಪಾಯಿ. ಸುರತ್ಕಲ್‌ನಲ್ಲಿ 5,500ಕ್ಕೆ ಒಂದು ಕೋಣೆಯ ಮನೆಯಿತ್ತು. ಬಿಜೈಯಲ್ಲಿ ಅಷ್ಟೇ ದೊಡ್ಡ ಮನೆಗೆ 9,500 ಕೇಳಿದರು.

ಸುರತ್ಕಲ್ಲೇ ಲಾಭವೆಂದು ಎಲ್ಲರೂ ಹೇಳಿದರು. ಹಾಸನದ ಚಿಕ್ಕಮ್ಮನಂತೂ, "ಶಕ್ತಿ ಯೋಜನೆ ಇದೆಯಲ್ಲ, ನಿನಗೆ ಬಸ್ಸಿನ ಖರ್ಚೇ ಇಲ್ಲ" ಎಂದರು. ಅದು ಸರಕಾರಿ ಬಸ್ಸಿಗೆ ಮಾತ್ರ. ಇಲ್ಲಿ ಊರೊಳಗೆ ಓಡುವವು ಹೆಚ್ಚಾಗಿ ಖಾಸಗಿ ಬಸ್ಸುಗಳು. ಹೋಗಿಬರಲು ದಿನಕ್ಕೆ 50 ರೂಪಾಯಿಯಂತೆ 26 ದಿನಕ್ಕೆ 1,300. ಬಾಡಿಗೆಯೊಂದಿಗೆ ಸೇರಿಸಿದರೆ 6,800.

ಸಮಯವನ್ನು ಬಸ್ಸಿನವರ ಮಾತಿನಿಂದ ಲೆಕ್ಕ ಹಾಕಲಿಲ್ಲ. ಕಚೇರಿ ಬಿಡುವ ಹೊತ್ತಿಗೇ ಬಸ್ ಹತ್ತಿ, ಬಾಗಿಲಿನಿಂದ ಬಾಗಿಲಿಗೆ ಅಳೆದೆ. ನಮ್ಮ ನಗರ ಎರಡು ಹೊಳೆಗಳ ನಡುವೆ ಇದೆ: ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಫಲ್ಗುಣಿ. ಸುರತ್ಕಲ್ ಇರುವುದು ಫಲ್ಗುಣಿಯ ಆಚೆ. ಸಂಜೆ ಆ ಹೊಳೆಯ ಕೂಳೂರು ಸೇತುವೆಯ ಬಳಿ ಲಾರಿ, ಬಸ್ಸುಗಳ ಸಾಲಿಗೆ ಸಿಕ್ಕಿಕೊಂಡರೆ ಮುಗಿಯಿತು. ಸುರತ್ಕಲ್‌ಗೆ ಒಂದು ಕಡೆಗೇ ಒಂದು ಗಂಟೆ ಹಿಡಿಯಿತು, ಅಂದರೆ ತಿಂಗಳಿಗೆ 52 ಗಂಟೆ. ಬಿಜೈಯಿಂದ ನಡೆದರೆ 20 ನಿಮಿಷ, ತಿಂಗಳಿಗೆ ಸುಮಾರು 17 ಗಂಟೆ.

ಆಗ ಹುಡುಕಾಟದ ದಾರಿ ಬದಲಿಸಿದೆ. ಹೊಳೆ ದಾಟುವ ಮನೆ ಬೇಡ, ಆದರೆ ಬಿಜೈ, ಕದ್ರಿಯ ಬಾಡಿಗೆಯೂ ಬೇಡ. ಕೋಡಿಕಲ್‌ನ ಒಳರಸ್ತೆಯಲ್ಲಿ 7,000ಕ್ಕೆ ಹಂಚಿನ ಮನೆಯೊಂದು ಸಿಕ್ಕಿತು. ಬಸ್ಸಿಗೆ 780 ಸೇರಿ 7,780. ನಡಿಗೆ, ಕಾಯುವಿಕೆ ಎಲ್ಲ ಸೇರಿ ಒಂದು ಕಡೆಗೆ 35 ನಿಮಿಷ, ತಿಂಗಳಿಗೆ 30 ಗಂಟೆ.

ಸುರತ್ಕಲ್‌ಗಿಂತ 980 ರೂಪಾಯಿ ಹೆಚ್ಚು ಕೊಟ್ಟು 22 ಗಂಟೆ ಉಳಿಸುತ್ತೇನೆ, ಗಂಟೆಗೆ ಸುಮಾರು 45 ರೂಪಾಯಿ. ಕೋಡಿಕಲ್‌ನಿಂದ ಬಿಜೈಗೆ ಏರಿದರೆ ಇನ್ನು 13 ಗಂಟೆಯಷ್ಟೇ ಉಳಿಯುತ್ತದೆ, ಅದಕ್ಕೆ 1,720 ರೂಪಾಯಿ. ಗಂಟೆಗೆ 130ಕ್ಕೂ ಹೆಚ್ಚು. ನನ್ನ ಸಂಬಳವೇ ಗಂಟೆಗೆ 87ರ ಆಸುಪಾಸಿನಲ್ಲಿದೆ. ಮೊದಲನೆಯದು ಅಗ್ಗ, ಎರಡನೆಯದು ನನ್ನ ಕೈಗೆ ಎಟುಕದ ಶೋಕಿ.

ಮುಂಗಡ ಕೊಡುವ ಮೊದಲು ಮನೆಯ ಯಜಮಾನರನ್ನು ಬಿಟ್ಟು ಪಕ್ಕದ ಮನೆಯ ಅಕ್ಕನನ್ನು, "ಮೇ ತಿಂಗಳಲ್ಲಿ ಬಾವಿ ಬತ್ತುತ್ತದೆಯೇ?" ಎಂದು ಕೇಳಿದೆ. ಬೇಸಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಕಡಿಮೆಯಾಗಿ ನಳ್ಳಿ ನೀರನ್ನು ಸರದಿಯಂತೆ ಬಿಡತೊಡಗಿದರೆ, ಬಾವಿಯಿಲ್ಲದವರು ಟ್ಯಾಂಕರ್ ತರಿಸಬೇಕು. ಉಳಿಸಿದ ಬಾಡಿಗೆ ಅಲ್ಲಿಗೇ ಹೋಗುತ್ತದೆ. "ತಳ ಕಾಣುತ್ತದೆ, ಆದರೆ ಬತ್ತುವುದಿಲ್ಲ" ಎಂದರು. ಹಾಗಾಗಿ ಒಪ್ಪಿದೆ. ಪಂಪಿನ ಕರೆಂಟು ಯಾರ ಲೆಕ್ಕಕ್ಕೆ ಎಂಬುದನ್ನು 11 ತಿಂಗಳ ಕರಾರಿನಲ್ಲಿ ಬರೆಸಿಕೊಂಡೆ. ಆದರೆ ಜೋರು ಮಳೆಯ ರಾತ್ರಿ ತಡವಾದರೆ ಹೆದ್ದಾರಿಯಿಂದ ಒಳಗೆ ಬರಲು ಆಟೋ ಹಿಡಿಯಲೇಬೇಕು. ಜೂನ್, ಜುಲೈಯಲ್ಲಿ ಅದಕ್ಕೆಂದು 500 ರೂಪಾಯಿ ಬೇರೆ ತೆಗೆದಿಡುತ್ತೇನೆ.