ಎಸಿಗೆ ಸ್ಟೆಬಿಲೈಜರ್ ಬೇಕಾ? ಮೊದಲು ವೋಲ್ಟೇಜ್ ನೋಡಿ

ಕಲಬುರಗಿಯ ನಮ್ಮ ಮನೆಯಲ್ಲಿ ಎರಡು ಎಸಿ ಇವೆ. ಒಂದು ಹಳೆಯ ಒಂದೂವರೆ ಟನ್ನಿನ ಸಾದಾ ಎಸಿ, ಇನ್ನೊಂದು ಹೊಸ ಇನ್ವರ್ಟರ್ ಎಸಿ. ಏಪ್ರಿಲ್ ಸಂಜೆ ಓಣಿಯವರೆಲ್ಲ ಒಟ್ಟಿಗೆ ಎಸಿ ಹಾಕುವ ಹೊತ್ತಿಗೆ ಹಳೆಯದರ ಹೊರಗಿನ ಯೂನಿಟ್ ಗುಂಯ್ ಎನ್ನುತ್ತಿತ್ತು. ಕೆಲವೇ ಸೆಕೆಂಡಿಗೆ ಟಕ್ ಎಂದು ಸುಮ್ಮನಾಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಗುಂಯ್, ಅದೇ ಟಕ್.

ಆ ಟಕ್ ಸದ್ದು ಕಂಪ್ರೆಸರ್‌ನ ಓವರ್‌ಲೋಡ್ ಪ್ರೊಟೆಕ್ಟರ್‌ದು. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಮೋಟರ್ ತಿರುಗುವ ಬಲ ಹೆಚ್ಚುಕಡಿಮೆ ಶೇ 60ಕ್ಕೆ ಬೀಳುತ್ತದೆ. ಗ್ಯಾಸಿನ ಒತ್ತಡದ ಎದುರು ಅದು ತಿರುಗಲಾರದೆ ನಿಲ್ಲುತ್ತದೆ, ಆದರೆ ಕರೆಂಟ್ ಮಾತ್ರ ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತದೆ. ಪ್ರೊಟೆಕ್ಟರ್ ಆಗ ಕರೆಂಟ್ ಕಡಿದು ಒಂದೆರಡು ಸಲ ಉಳಿಸುತ್ತದೆ ನಿಜ. ದಿನಾ ಹೀಗೇ ಆದರೆ ಮೋಟರಿನೊಳಗಿನ ತಂತಿಯ ಸುತ್ತು, ಅಂದರೆ ವೈಂಡಿಂಗ್, ಬಿಸಿಯಾಗಿ ಸುಡುತ್ತದೆ.

ನಾನು ಸ್ಟೆಬಿಲೈಜರ್ ತರಲು ಹೊರಟಿದ್ದೆ. ಎಲೆಕ್ಟ್ರಿಷಿಯನ್ ತಡೆದರು: "ಸರ್, ಮೊದ್ಲ ವಾಯರ್ ನೋಡೂಣ್ರಿ."

ಎಸಿ ಬೋರ್ಡಿನಲ್ಲೂ ಮೀಟರ್ ಹತ್ತಿರವೂ ಒಂದೇ ಹೊತ್ತಿಗೆ ವೋಲ್ಟೇಜ್ ನೋಡಿದೆವು. ಎಸಿ ಆಫ್ ಇದ್ದಾಗ ಎರಡೂ ಕಡೆ 195. ಕಂಪ್ರೆಸರ್ ಓಡುವಾಗ ಮೀಟರ್ ಹತ್ತಿರ 192, ಎಸಿ ಬೋರ್ಡಿನಲ್ಲಿ 183. ಅಂದರೆ ಹೊರಗಿನ ಲೈನ್ ಕಳೆದದ್ದು 3 ವೋಲ್ಟ್, ನಮ್ಮ ಮನೆಯ ವೈರೇ ತಿಂದದ್ದು 9! ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಎಳೆತ ಜಾಸ್ತಿ, ಆಗ ಇನ್ನೂ ಎಷ್ಟೋ ಬೀಳುತ್ತದೆ. ಬಿಚ್ಚಿ ನೋಡಿದರೆ ಹಳೇ ಸಣ್ಣ ವೈರು, ಸಾಕೆಟ್ಟಿನ ಹಿಂದೆ ಸಡಿಲ ಸ್ಕ್ರೂ, ಪ್ಲಾಸ್ಟಿಕ್ ಕಂದಾಗಿತ್ತು. ಅಂಥ ವೈರಿಗೆ ಸ್ಟೆಬಿಲೈಜರ್ ಹಾಕಿದರೆ ತೊಂದರೆ ಇನ್ನೂ ಹೆಚ್ಚು. ವೋಲ್ಟೇಜ್ ಏರಿಸಲು ಅದು ಗೋಡೆಯಿಂದ ಇನ್ನಷ್ಟು ಕರೆಂಟ್ ಎಳೆಯುತ್ತದೆ, ವೈರು ಇನ್ನಷ್ಟು ಕಾಯುತ್ತದೆ.

ಮೀಟರಿನಿಂದ ನೇರವಾಗಿ 4 ಚದರ ಮಿ.ಮೀ. ತಾಮ್ರದ ವೈರು, ಬೇರೆ ಎಂಸಿಬಿ ಹಾಕಿಸಿದೆವು. ಎಸಿ ಓಡುವಾಗ ಬೋರ್ಡಿನಲ್ಲಿ 190 ಬಂತು. ಆದರೂ ಕೆಲವು ಸಂಜೆ ಲೈನೇ 170ರ ಹತ್ತಿರ ಇಳಿಯುತ್ತಿತ್ತು. ಅದು ನಮ್ಮ ಕೈಯಲ್ಲಿಲ್ಲ ಅಲ್ವಾ? ಹಾಗಾಗಿ ಹಳೆಯದಕ್ಕೆ 4 ಕೆವಿಎ ಸ್ಟೆಬಿಲೈಜರ್ ತಂದೆ. 130 ವೋಲ್ಟ್‌ನಿಂದ ಕೆಲಸ ಮಾಡುವಂಥದು, ಅದಕ್ಕಿಂತ ಇಳಿದರೆ ತಾನೇ ಕಟ್ ಮಾಡುತ್ತದೆ. ಕರೆಂಟ್ ಬಂದ ಮೇಲೆ ಸುಮಾರು 3 ನಿಮಿಷ ತಡೆದು ಕೊಡುತ್ತದೆ. ಅಷ್ಟರಲ್ಲಿ ಗ್ಯಾಸಿನ ಒತ್ತಡ ಎರಡೂ ಕಡೆ ಸಮವಾಗಿ ಕಂಪ್ರೆಸರ್ ಸಲೀಸಾಗಿ ತಿರುಗುತ್ತದೆ. ಸೆಕೆಯಲ್ಲಿ ಕೂತು ಕಾಯುವುದು ಬೇಜಾರೇ, ಆದರೂ ಆ ಟೈಮರ್ ಆಫ್ ಮಾಡಬೇಡಿ.

ಇನ್ವರ್ಟರ್ ಎಸಿಗೆ ಏನೂ ಹಾಕಲಿಲ್ಲ. ಅದರ ಕಂಪ್ರೆಸರ್ ನಿಧಾನವಾಗಿ ವೇಗ ಹಿಡಿಯುತ್ತದೆ, ಶುರುವಿನ ಆ ಭಾರಿ ಎಳೆತ ಇಲ್ಲ. ನಮ್ಮದರ ಪುಸ್ತಕದಲ್ಲಿ 145ರಿಂದ 285 ವೋಲ್ಟ್ ಎಂದಿದೆ, ನಮ್ಮ ಲೈನ್ ಅಷ್ಟು ಕೆಳಗೆ ಹೋಗುವುದಿಲ್ಲ. ನಿಮ್ಮ ಊರಿನ ಲೈನ್ ಅದಕ್ಕಿಂತ ಇಳಿಯುತ್ತಿದ್ದರೆ ಇನ್ವರ್ಟರ್ ಎಸಿ ಎರರ್ ತೋರಿಸಿ ನಿಲ್ಲುತ್ತದೆ. ಆಗ ಅದಕ್ಕೂ ಸ್ಟೆಬಿಲೈಜರ್ ಬೇಕೇ ಬೇಕು.