ವೆಂಡರ್ ಲೆಡ್ಜರ್ ತಾಳೆ ಆಗದಿದ್ದಾಗ ನಾನು ಬರೆಯುವ ಮೇಲ್

ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಪರ್ಚೇಸ್ ಕಡೆಯ ಲೆಕ್ಕ ನನ್ನದು. ಏಪ್ರಿಲ್ ಬಂತು ಅಂದ್ರೆ ವೆಂಡರ್‌ಗಳ ಲೆಡ್ಜರ್ ಸಾಲಾಗಿ ಬರುತ್ತವೆ, ಜೊತೆಗೆ ಒಂದೇ ಸಾಲು: ‘ಬ್ಯಾಲೆನ್ಸ್ ಕನ್ಫರ್ಮ್ ಮಾಡಿ ಕಳಿಸಿ’. ನಮಗೆ ಬೋಲ್ಟ್-ನಟ್ ಕೊಡುವವರ ಲೆಡ್ಜರ್‌ನಲ್ಲಿ 2025ರ ಮಾರ್ಚ್ 31ಕ್ಕೆ ನಮ್ಮಿಂದ 5,84,310 ರೂಪಾಯಿ ಬರಬೇಕು ಅಂತಿತ್ತು. ನಮ್ಮ ಟ್ಯಾಲಿಯಲ್ಲಿ ಅವರಿಗೆ ಕೊಡಬೇಕಾದದ್ದು 4,74,450. ವ್ಯತ್ಯಾಸ 1,09,860.

‘ತಾಳೆ ಆಗ್ತಿಲ್ಲ, ನೋಡಿ’ ಅಂತ ಬರೆದರೆ ಅವರೂ ಅದನ್ನೇ ತಿರುಗಿಸಿ ಬರೆಯುತ್ತಾರೆ. ಹಾಗಾಗಿ ವ್ಯತ್ಯಾಸವನ್ನು ಪೂರ್ತಿ ಬಿಡಿಸುವ ತನಕ ನಾನು ಮೇಲ್ ಹಾಕುವುದಿಲ್ಲ. ಮೊದಲು ಓಪನಿಂಗ್ ಬ್ಯಾಲೆನ್ಸ್ ನೋಡುತ್ತೇನೆ, ಅದೇ ಬೇರೆ ಇದ್ದರೆ ಹಿಂದಿನ ವರ್ಷಕ್ಕೆ ಹೋಗಲೇಬೇಕು. ಈ ಸಲ ಅದು ಸರಿಯಿತ್ತು. ಆಮೇಲೆ ಎರಡೂ ಲೆಡ್ಜರ್ ಎಕ್ಸೆಲ್‌ಗೆ ಹಾಕಿ ಬಿಲ್ ನಂಬರ್ ಮೇಲೆ ಹೊಂದಿಸುತ್ತೇನೆ. ತಾರೀಖಿನ ಮೇಲೆ ಅಲ್ಲ, ಯಾಕಂದ್ರೆ ಅವರು ಬಿಲ್ ಮಾಡಿದ ದಿನ ಬೇರೆ, ನಾವು ಎಂಟ್ರಿ ಹಾಕಿದ ದಿನ ಬೇರೆ.

ಎರಡು ಐಟಂ ಸುಲಭವಾಗಿ ಸಿಕ್ಕವು. ಮಾರ್ಚ್ 31ಕ್ಕೆ ನಾವು ಕಳಿಸಿದ 75,000 ಅವರ ಪುಸ್ತಕದಲ್ಲಿ ಏಪ್ರಿಲ್‌ನಲ್ಲಿ ಕೂತಿತ್ತು. ಇನ್ನೊಂದು 1,200, ನಾವು ಹಿಡಿದ ಟಿಡಿಎಸ್. ಜಿಎಸ್‌ಟಿ ಬಿಟ್ಟು ವರ್ಷದ ಖರೀದಿ 62 ಲಕ್ಷ, 50 ಲಕ್ಷ ದಾಟಿದ 12 ಲಕ್ಷಕ್ಕೆ ಆಗಿನ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 194ಕ್ಯೂ ಪ್ರಕಾರ ಶೇ. 0.1. ಮಾರ್ಚ್ ತ್ರೈಮಾಸಿಕದ ರಿಟರ್ನ್‌ಗೆ ಮೇ 31ರವರೆಗೆ ಗಡುವು ಇರುತ್ತದೆ, ಅಲ್ಲಿಯವರೆಗೆ ಅವರ ಆದಾಯ ತೆರಿಗೆ ಸ್ಟೇಟ್‌ಮೆಂಟ್‌ನಲ್ಲಿ ಅದು ಕಾಣದೇ ಇರಬಹುದು. ಅದಕ್ಕೇ ಲೆಕ್ಕದ ಹಾಳೆಯನ್ನು ಜೊತೆಗೇ ಕಳಿಸುತ್ತೇನೆ.

ಮೂರನೆಯದು 2,360. ಹತ್ತು ಸಾವಿರ ಬೋಲ್ಟ್ ಬಿಲ್ ಆಗಿತ್ತು, ಸ್ಟೋರ್ಸ್ ಎಣಿಸಿದಾಗ 800 ಕಮ್ಮಿ. ಒಂದಕ್ಕೆ ಎರಡೂವರೆ ರೂಪಾಯಿಯಂತೆ 2,000, ಜಿಎಸ್‌ಟಿ 360. ನಾವು ಡೆಬಿಟ್ ನೋಟ್ ಹಾಕಿದ್ದೆವು. ಆದರೆ ಅವರ ತೆರಿಗೆ ಇಳಿಯಬೇಕಾದರೆ ಅವರೇ ಕ್ರೆಡಿಟ್ ನೋಟ್ ಕೊಡಬೇಕು, ನಮ್ಮ ಕಾಗದದಿಂದ ಅದು ಆಗುವುದಿಲ್ಲ. ಅವರು ಸಣ್ಣ ಉದ್ಯಮದವರು ಬೇರೆ. ಎಂಎಸ್‌ಎಂಇ ಕಾಯ್ದೆಯಲ್ಲಿ ಮಾಲು ಬಂದ 15 ದಿನದೊಳಗೆ ಲಿಖಿತವಾಗಿ ತಕರಾರು ಮಾಡದಿದ್ದರೆ ಒಪ್ಪಿಕೊಂಡ ಹಾಗೇ ಲೆಕ್ಕ. ಸ್ಟೋರ್ಸ್‌ನವರು ಮಾಲು ಇಳಿದ ವಾರದಲ್ಲೇ ಮೇಲ್ ಹಾಕಿದ್ದರು, ಬಚಾವ್.

ತಲೆನೋವು ತಂದದ್ದು 29,500ರ ಬಿಲ್, ಮಾರ್ಚ್ 27ರದ್ದು. ವೆಂಡರ್‌ಗಳು ಹಾಕಿದ ಬಿಲ್‌ಗಳನ್ನು ಜಿಎಸ್‌ಟಿ ಪೋರ್ಟಲ್ ನಮಗೆ ತೋರಿಸುವ ಪಟ್ಟಿ, ಮಾರ್ಚ್‌ನ 2ಬಿಯಲ್ಲಿ ಇದೆ, ನಮ್ಮ ಗೇಟ್ ರಿಜಿಸ್ಟರ್‌ನಲ್ಲಿ ಇಲ್ಲ. ಮಾಲು ಕೈಗೆ ಬರದೆ ಇನ್‌ಪುಟ್ ಕ್ರೆಡಿಟ್ ತಗೊಳ್ಳುವ ಹಾಗಿಲ್ಲ. 50,000ಕ್ಕಿಂತ ಕಮ್ಮಿ ಆದ್ದರಿಂದ ಇ-ವೇ ಬಿಲ್ಲೂ ಮಾಡಿರಲಿಲ್ಲ.

ಇಷ್ಟೆಲ್ಲ ಕಳೆದ ಮೇಲೂ 1,800 ಉಳಿಯಿತು. ಒಂಬತ್ತರಿಂದ ಭಾಗಿಸಿದೆ, ಶೇಷ ಸೊನ್ನೆ. ಹಾಗೆ ಬಂದರೆ ಅಂಕಿ ಅದಲುಬದಲಾಗಿರುವ ಅನುಮಾನ ಮೊದಲು. ಪೇಮೆಂಟ್‌ಗಳನ್ನೇ ಸಾಲಾಗಿ ನೋಡಿದಾಗ ಸಿಕ್ಕಿತು: ನಾವು ಕಳಿಸಿದ್ದು 45,360, ಅವರು ಹಾಕಿಕೊಂಡದ್ದು 43,560.

ಮೇಲ್‌ನಲ್ಲಿ ‘ನಿಮ್ಮ ಲೆಡ್ಜರ್ ತಪ್ಪು’ ಅಂತ ಎಲ್ಲೂ ಬರೆಯಲಿಲ್ಲ. ಮೇಲೆ ಎರಡೂ ಬ್ಯಾಲೆನ್ಸ್, ಕೆಳಗೆ ಐದು ಸಾಲಿನ ಟೇಬಲ್. ತಾರೀಖು, ನಂಬರ್, ನಿಮ್ಮಲ್ಲಿ ಎಷ್ಟು, ನಮ್ಮಲ್ಲಿ ಎಷ್ಟು, ಕಾರಣ, ಯಾರು ಏನು ಮಾಡಬೇಕು. ಕೊನೆಯ ಕಾಲಂ ಇಲ್ಲದಿದ್ದರೆ ಟೇಬಲ್ ಸುಮ್ನೆ ಅಲಂಕಾರ. ಕೆಲವು ಸಾಲುಗಳು ಹೀಗಿದ್ದವು:

‘ಸರ್, 75,000 ಏಪ್ರಿಲ್‌ನಲ್ಲಿ ನಿಮ್ಮಲ್ಲಿ ಬಂದಿದೆ, ಏನೂ ಮಾಡಬೇಕಿಲ್ಲ. 45,360ರ ಯುಟಿಆರ್ ನಂಬರ್ ಕೆಳಗಿದೆ, ಎಂಟ್ರಿ ಸರಿಪಡಿಸಿ. 800 ಬೋಲ್ಟ್‌ಗೆ ಕ್ರೆಡಿಟ್ ನೋಟ್ ಬೇಕು, ಸ್ಟೋರ್ಸ್ ಮೇಲ್ ಲಗತ್ತಿಸಿದ್ದೇನೆ. 27ರ ಬಿಲ್‌ನ ಮಾಲು ಯಾರು ಇಳಿಸಿಕೊಂಡರು ಅನ್ನೋದಕ್ಕೆ ಸಹಿ ಇರುವ ಚಲನ್ ಕಳಿಸಿ. ಅದು ಇತ್ಯರ್ಥ ಆಗುವವರೆಗೆ ನಾವು ಒಪ್ಪುವ ಬಾಕಿ 4,74,450 ಮಾತ್ರ.’

ಆ ‘ಮಾತ್ರ’ ಬೇಕು. ಬಾಕಿ ಇದೆ ಅಂತ ಬರೆದು ಸಹಿ ಹಾಕಿದರೆ ಸಾಲ ಒಪ್ಪಿಕೊಂಡ ಹಾಗೆ, ವಸೂಲಿಗೆ ಕೋರ್ಟಿಗೆ ಹೋಗಲು ಇರುವ ಕಾಲಮಿತಿಯ ಲೆಕ್ಕವೂ ಹೊಸದಾಗಿ ಶುರು ಆಗುತ್ತದೆ. ತಕರಾರಿನ ಮೊತ್ತವನ್ನು ಅದರೊಳಗೆ ಸೇರಿಸಬಾರದು.

ಚಲನ್ ಬಂತು, ಸಹಿ ನಮ್ಮ ಪ್ರೊಡಕ್ಷನ್ ಸೂಪರ್‌ವೈಸರದ್ದೇ. ಅರ್ಜೆಂಟ್ ಅಂತ ಮಾಲನ್ನು ಸೀದಾ ಜಾಬ್ ವರ್ಕ್ ಶೆಡ್‌ಗೆ ಇಳಿಸಿಕೊಂಡಿದ್ದರು, ನಮ್ಮ ಗೇಟ್‌ಗೆ ಬಂದೇ ಇರಲಿಲ್ಲ. ಶೆಡ್‌ನವರಿಂದ ಎಣಿಕೆ ತರಿಸಿ ಬಿಲ್ಲನ್ನು ಮಾರ್ಚ್‌ಗೇ ಹಾಕಿದೆವು. ಅವರ ಕಡೆ 75,000, 1,200, 1,800, 2,360 ಕಳೆದರು, ನಮ್ಮ ಕಡೆ 29,500 ಕೂಡಿತು. ಎರಡೂ ಕಡೆ 5,03,950. ಆ ಮೊತ್ತಕ್ಕೆ ಸೀಲ್ ಹಾಕಿ ಕಳಿಸಿದೆವು, ಕ್ರೆಡಿಟ್ ನೋಟ್ ಮಾತ್ರ ಇನ್ನೆರಡು ಸಲ ಫೋನ್ ಮಾಡಿದ ಮೇಲೆ ಬಂತು.